ಬುಧವಾರ ರಾತ್ರಿ ಎಂಟಕ್ಕೆ ಪುಸ್ತಕ ಮುಚ್ಚುವುದೇಕೆ?

ಮನೆಯಲ್ಲೇ ಒಬ್ಬಟ್ಟು, ಚಕ್ಕುಲಿ, ಸಾರಿನ ಪುಡಿ ಮಾಡಿ ಮಾರುವವರು ಮೈಸೂರು, ಬೆಂಗಳೂರುಗಳ ಬಹುತೇಕ ಬಡಾವಣೆಗಳಲ್ಲಿ ಇದ್ದಾರೆ. ಅಂಗಡಿಯಿಲ್ಲ, ಬೋರ್ಡಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ದಾಟಿದ ಒಂದು ಫೋನ್ ನಂಬರೇ ಅವರ ಅಂಗಡಿ. ಕೈರುಚಿ ಚೆನ್ನಾಗಿದ್ದರೆ ಗಿರಾಕಿಗಳು ಬರುತ್ತಾರೆ, ಹೆಚ್ಚುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ಯಾವ ಹೊತ್ತಿಗಾದರೂ ಫೋನ್ ಬರುತ್ತದೆ, ಯಾವ ದಿನಕ್ಕಾದರೂ ಬೇಕೆನ್ನುತ್ತಾರೆ, ಇಲ್ಲ ಎನ್ನಲು ದಾಕ್ಷಿಣ್ಯ. ಕೊನೆಗೆ ವಾರದ ಏಳು ದಿನವೂ ಒಲೆ ಉರಿದು, ಗಳಿಕೆ ಮಾತ್ರ ಎರಡು ದಿನದ್ದಾಗಿರುತ್ತದೆ.

ಇದರಿಂದ ಹೊರಬಂದವರು ಮಾಡುವುದು ಒಂದೇ ಕೆಲಸ. ವಾರಕ್ಕೊಂದು ದಿನ ಮಾಲು ಕೊಡುತ್ತಾರೆ, ಅದಕ್ಕೆ ಮುಂಚೆ ಒಂದು ಗೊತ್ತಾದ ಗಳಿಗೆಗೆ ಆರ್ಡರ್ ನಿಲ್ಲಿಸುತ್ತಾರೆ. ಕೇಳಲು ಸುಲಭ. ಆದರೆ ಆ ಗಳಿಗೆ ಯಾವುದು ಎಂಬುದನ್ನು ಮನಸ್ಸಿಗೆ ತೋಚಿದಂತೆ ಇಟ್ಟರೆ ನಡೆಯುವುದಿಲ್ಲ. ಅದನ್ನು ಮಾಲು ಕೊಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿಕೊಂಡು ಬಂದು ಕಂಡುಕೊಳ್ಳಬೇಕು.

ಎಣಿಸಿ ನೋಡಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ಕುವೆಂಪುನಗರದಂಥ ಬಡಾವಣೆ. ಅತ್ತೆ, ಸೊಸೆ ಇಬ್ಬರೇ ಕೆಲಸಗಾರರು. ಎರಡು ಉರಿಯ ಒಲೆ, ಕರಿಯಲು ದೊಡ್ಡ ಒಲೆಯೊಂದು. ಮಾಡುವುದು ಮೂರೇ ತಿನಿಸು: ತೊಗರಿಬೇಳೆ ಒಬ್ಬಟ್ಟು, ಚಕ್ಕುಲಿ, ಸಾರಿನ ಪುಡಿ. ಗಿರಾಕಿಗಳು ಶನಿವಾರ ಬೆಳಗ್ಗೆ 11ಕ್ಕೆ ಬಂದು ತೆಗೆದುಕೊಂಡು ಹೋಗುತ್ತಾರೆ. ಮಧ್ಯಾಹ್ನದ ಊಟದ ಎಲೆಗೆ ಒಬ್ಬಟ್ಟು ಬೀಳಬೇಕೆಂಬುದು ಹೆಚ್ಚಿನವರ ಆಸೆ. ಹಾಗಾಗಿ 11 ಗಂಟೆ ಎಂದರೆ 11 ಗಂಟೆಯೇ.

ಒಬ್ಬರು ತಟ್ಟಿ, ಇನ್ನೊಬ್ಬರು ಎರಡು ಕಾವಲಿಯಲ್ಲಿ ಬೇಯಿಸಿದರೆ ಗಂಟೆಗೆ ಸುಮಾರು 35 ಒಬ್ಬಟ್ಟು ಆಗುತ್ತವೆ. ಮೊದಲ ಅರ್ಧ ಗಂಟೆಯ ಹುರುಪಿನಲ್ಲಿ ಇದಕ್ಕಿಂತ ಹೆಚ್ಚೇ ಆಗುತ್ತವೆ. ಆ ವೇಗವನ್ನು ನಂಬಿ ಲೆಕ್ಕ ಹಾಕಬಾರದು. ಮೂರನೇ ಗಂಟೆಯಲ್ಲಿ ಕೈ ಎಷ್ಟು ಓಡುತ್ತದೋ ಅದೇ ನಿಜವಾದ ವೇಗ. ಬೆಳಗ್ಗೆ ಐದೂವರೆಗೆ ಕಾವಲಿ ಇಟ್ಟರೆ ಒಂಬತ್ತೂವರೆಗೆ 140 ಮುಗಿಯುತ್ತವೆ. ಅಲ್ಲಿಂದ 11ರವರೆಗೆ ಒಂದೂವರೆ ಗಂಟೆ ಯಾಕೆ ಬೇಕೆಂದು ಹೊಸಬರು ಕೇಳುತ್ತಾರೆ. ಬಿಸಿ ಒಬ್ಬಟ್ಟನ್ನು ಒಂದರ ಮೇಲೊಂದು ಪೇರಿಸಿ ಡಬ್ಬಿಗೆ ಹಾಕಿದರೆ ಒಳಗೆ ಬೆವರುತ್ತದೆ. ನೀರು ಪಸೆಗೆ ಒಂದಕ್ಕೊಂದು ಅಂಟಿ, ಬಿಡಿಸುವಾಗ ಹರಿಯುತ್ತದೆ, ಸಂಜೆಗೇ ಹಳಸಿದ ವಾಸನೆಯೂ ಬರಬಹುದು. ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಪೂರಾ ಆರಿದ ಮೇಲೆ ನಡುವೆ ಕಾಗದವಿಟ್ಟು ಕಟ್ಟಬೇಕು. ಕೊನೆಯ ಒಬ್ಬೆ ಆರಲು ಮುಕ್ಕಾಲು ಗಂಟೆ, ಕಟ್ಟಿ ಹೆಸರು ಬರೆಯಲು ಇನ್ನೊಂದು ಮುಕ್ಕಾಲು ಗಂಟೆ. ಮನೆ ಉದ್ಯಮದ ವೇಳಾಪಟ್ಟಿಗಳಲ್ಲಿ ಮರೆತುಹೋಗುವುದು ಈ ಆರುವ ಹೊತ್ತೇ. ಅಡುಗೆ ಮುಗಿದರೆ ಕೆಲಸ ಮುಗಿಯಿತೆಂದು ಎಣಿಸಿದವರ ಮನೆ ಬಾಗಿಲಲ್ಲಿ ಗಿರಾಕಿಗಳು ಕಾದು ನಿಂತಿರುತ್ತಾರೆ.

ಹಿಂದಕ್ಕೆ ಇನ್ನೊಂದು ಹೆಜ್ಜೆ ಇಟ್ಟರೆ ಶುಕ್ರವಾರ. ಐದೂವರೆಗೆ ತಟ್ಟಲು ಕೂರಬೇಕಾದರೆ ಹೂರಣ, ಕಣಕ ಎರಡೂ ಆ ಹೊತ್ತಿಗೆ ಸಿದ್ಧವಾಗಿರಬೇಕು. ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಬೇಳೆ ಬೇಯಲು ಹಾಕುತ್ತಾರೆ. ಕಟ್ಟು ಬಸಿದು, ಬೆಲ್ಲ ಹಾಕಿ ಮಗುಚಿ, ರುಬ್ಬಿ ಮುಗಿಸುವಾಗ ಏಳು ದಾಟಿರುತ್ತದೆ. ಬಸಿದ ಕಟ್ಟು ಆ ರಾತ್ರಿ ಮನೆಯವರ ಒಬ್ಬಟ್ಟಿನ ಸಾರಾಗುತ್ತದೆ, ಅದು ಮಾರಾಟಕ್ಕಲ್ಲ. ಹೂರಣವನ್ನು ಮಾಡಿದ ಪಾತ್ರೆಯಲ್ಲೇ ಮುಚ್ಚಿ ಬೆಳಗಿನವರೆಗೆ ಬಿಡುವುದು ಇಲ್ಲಿ ದೊಡ್ಡ ಅಪಾಯ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ದಪ್ಪ ಪಾತ್ರೆಯ ನಡುವಿನ ಹೂರಣ ಗಂಟೆಗಟ್ಟಲೆ ಅದೇ ಬಿಸಿಯಲ್ಲಿ ಕೂತಿರುತ್ತದೆ. ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಆರಿಸಿ, ಉಂಡೆ ಕಟ್ಟಿ, ಒಂಬತ್ತರ ಒಳಗೆ ಫ್ರಿಜ್ಜಿಗೆ ಇಡಬೇಕು. ಬೆಳಗ್ಗೆ ನಾಲ್ಕೂವರೆಗೆ ಹೊರಗೆ ತೆಗೆದಿಡುವುದೂ ವೇಳಾಪಟ್ಟಿಯ ಒಂದು ಸಾಲು. ತಣ್ಣಗೆ ಗಟ್ಟಿಯಾದ ಹೂರಣವನ್ನು ಹಾಗೇ ತುಂಬಿ ತಟ್ಟಿದರೆ ಮೆತ್ತಗಿನ ಕಣಕ ಹರಿದು ಹೂರಣ ಕಾವಲಿಗೆ ಹತ್ತುತ್ತದೆ. ಕಣಕವನ್ನು ಶುಕ್ರವಾರ ರಾತ್ರಿ ಕಲಸಿ, ಮೇಲೆ ಎಣ್ಣೆ ಹೊಯ್ದು ಮುಚ್ಚಿಟ್ಟರೆ ಬೆಳಗ್ಗೆ ಎಳೆದಷ್ಟೂ ಬರುತ್ತದೆ.

ಗುರುವಾರ ಚಕ್ಕುಲಿಯ ದಿನ. ದೊಡ್ಡ ಬಾಣಲೆಯಲ್ಲಿ ಒಂದು ಒಬ್ಬೆಗೆ ಹತ್ತು ಚಕ್ಕುಲಿ, ಒಬ್ಬೆಗೆ ಏಳೆಂಟು ನಿಮಿಷ. ಗಂಟೆಗೆ ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು. ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಕರಿದರೆ 9 ಕಿಲೋ. ಅದು ರಾತ್ರಿಯಿಡೀ ಆರಿ, ಶುಕ್ರವಾರ ಬೆಳಗ್ಗೆ ಪೊಟ್ಟಣವಾಗುತ್ತದೆ. ಕಾವು ಉಳಿದಿರುವಾಗಲೇ ಕಟ್ಟಿದ ಚಕ್ಕುಲಿ ಮಾರನೆಯ ದಿನಕ್ಕೆ ಮೆತ್ತಗಾಗುತ್ತದೆ, ಆಮೇಲೆ ಏನು ಮಾಡಿದರೂ ಮೊದಲಿನ ಗರಿಗರಿ ಬರುವುದಿಲ್ಲ. ಒಂದೇ ದಿನ ಎಲ್ಲವನ್ನೂ ಕರಿಯುವುದರಿಂದ ಇನ್ನೊಂದು ಅನುಕೂಲವಿದೆ. ದಿನಕ್ಕೆ ಎರಡು ಕಿಲೋದಂತೆ ವಾರವೆಲ್ಲ ಕರಿಯುವವರು ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುತ್ತಾರೆ. ಎಣ್ಣೆ ಕಪ್ಪಾಗಿ, ಬೇಗ ಹೊಗೆಯಾಡಿ, ನೊರೆ ಏಳತೊಡಗಿತೆಂದರೆ ಅದು ಸತ್ತಿದೆ ಎಂದೇ ಅರ್ಥ. ಅಂಥ ಎಣ್ಣೆಯ ಚಕ್ಕುಲಿಗೆ ಕಮಟು ವಾಸನೆ ಹಿಡಿಯಲು ಹೆಚ್ಚು ದಿನ ಬೇಕಿಲ್ಲ.

ಗುರುವಾರ ಮಧ್ಯಾಹ್ನ ಕರಿಯಬೇಕೆಂದರೆ ಅದೇ ದಿನ ಬೆಳಗ್ಗೆ ಒಂಬತ್ತಕ್ಕೆ ದಿನಸಿ ಬಂದಿರಬೇಕು. ಎಣ್ಣೆ, ಬೆಣ್ಣೆ, ತೊಗರಿಬೇಳೆ, ಬೆಲ್ಲ, ಚಿರೋಟಿ ರವೆ, ಡಬ್ಬಿ, ಕವರು, ಎಲ್ಲಕ್ಕೂ ದುಡ್ಡು ಹೋಗುವುದು ಆಗ. ಅಂಗಡಿಗೆ ಹೋಗುವ ಮೊದಲು ಚೀಟಿಯಲ್ಲಿ ಅಳತೆ ಇರಬೇಕು. ಅಳತೆ ಬೇಕಾದರೆ ಆರ್ಡರು ಹಿಂದಿನ ರಾತ್ರಿಯೇ ಮುಗಿದಿರಬೇಕು. ಬುಧವಾರ ರಾತ್ರಿ ಎಂಟು ಗಂಟೆ ಬಂದದ್ದು ಹೀಗೆ. ದುಡ್ಡು ಕೈಬಿಟ್ಟು ಹೋಗುವ ಗಳಿಗೆಗಿಂತ ಒಂದು ರಾತ್ರಿ ಮುಂಚೆ ಫೋನ್ ನಿಲ್ಲಬೇಕು. ಬೇರೆ ತಿನಿಸು, ಬೇರೆ ಊರಿನವರಿಗೆ ಈ ದಿನ ಬೇರೆಯಾಗಬಹುದು, ಕಂಡುಕೊಳ್ಳುವ ರೀತಿ ಇದೇ.

ಇಲ್ಲೊಂದು ಗಂಟು ಉಳಿಯಿತು. ಚಕ್ಕುಲಿಯ ಹಿಟ್ಟು ಗುರುವಾರ ಬೆಳಗ್ಗೆ ಅಂಗಡಿಯಿಂದ ಬರುವುದಿಲ್ಲ. ಅಕ್ಕಿ ತೊಳೆದು, ನೆರಳಲ್ಲಿ ಬಟ್ಟೆಯ ಮೇಲೆ ಆರಿಸಬೇಕು. ಉದ್ದಿನಬೇಳೆ ಹದವಾಗಿ ಹುರಿಯಬೇಕು. ಎರಡನ್ನೂ ಗಿರಣಿಗೆ ಕೊಟ್ಟು, ತಂದು ಜರಡಿ ಹಿಡಿಯಬೇಕು. ಸೋಮವಾರ ತೊಳೆದರೆ ಹಿಟ್ಟು ಕೈಗೆ ಬರುವುದು ಮಂಗಳವಾರ. ಗಿರಣಿಗೂ ಅದರದೇ ಲೆಕ್ಕವಿದೆ. ರಾಗಿಯನ್ನೋ ಖಾರದ ಪುಡಿಯನ್ನೋ ಬೀಸಿದ ಕಲ್ಲಿಗೇ ಅಕ್ಕಿ ಹಾಕಿದರೆ ಹಿಟ್ಟಿನ ಬಣ್ಣವೂ ವಾಸನೆಯೂ ಕೆಡುತ್ತದೆ. ಅಕ್ಕಿ ಬೀಸುವ ಹೊತ್ತನ್ನು ಕೇಳಿಕೊಂಡು ಹೋಗಬೇಕು, ಕರೆಂಟ್ ತೆಗೆಯುವ ದಿನವನ್ನೂ ವಿಚಾರಿಸಿರಬೇಕು. ಅಂದರೆ ಹಿಟ್ಟು ಆರ್ಡರ್ ಮುಗಿಯುವುದಕ್ಕೆ ಮೊದಲೇ ಆಗಬೇಕು, ಅದೂ ಅಂದಾಜಿನ ಮೇಲೆ.

ಇದಕ್ಕಾಗಿ ಕಟ್‌ಆಫ್ ಅನ್ನೇ ಭಾನುವಾರಕ್ಕೆ ಎಳೆದವರಿದ್ದಾರೆ. ಅದು ಬೇಡದ ಕಷ್ಟ. ಹಿಂದಿನ ಶನಿವಾರದ ಮಾಲು ಕೊಟ್ಟು ಕೈ ತೊಳೆಯುವಷ್ಟರಲ್ಲಿ ಮುಂದಿನ ಶನಿವಾರಕ್ಕೆ ಏನು ಬೇಕೆಂದು ಯಾವ ಗಿರಾಕಿಗೂ ತಿಳಿದಿರುವುದಿಲ್ಲ. ಚೆನ್ನಾಗಿ ಒಣಗಿದ ಹಿಟ್ಟು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ವಾರ ಕೆಡದೆ ಇರುತ್ತದೆ. ಕರಿದ ಚಕ್ಕುಲಿಗಿಂತ ಹಿಟ್ಟನ್ನು ಉಳಿಸಿಟ್ಟುಕೊಳ್ಳುವುದು ಜಾಣತನ, ಯಾಕೆಂದರೆ ಈ ವಾರ ಉಳಿದ ಹಿಟ್ಟು ಮುಂದಿನ ವಾರದ ತಾಜಾ ಚಕ್ಕುಲಿಯಾಗುತ್ತದೆ. ಕಳೆದ ನಾಲ್ಕು ವಾರದ ಸರಾಸರಿಗೆ ಕಾಲು ಭಾಗ ಸೇರಿಸಿ ಬೀಸಿಸಿದರೆ ಸಾಕು. ಸಾರಿನ ಪುಡಿ ಇನ್ನೂ ಸುಲಭ. ಎರಡು ವಾರಕ್ಕೊಮ್ಮೆ ಹುರಿದು ಪುಡಿ ಮಾಡಿಟ್ಟರೆ ಅದಕ್ಕೆ ಕಟ್‌ಆಫ್ ಬೇಕೇ ಇಲ್ಲ. ಬಾಗಿಲಿಗೆ ಬಂದವರು ಕೇಳಿದರೂ ಕೊಡಬಹುದು.

ಒಬ್ಬಟ್ಟಿಗೆ ಒಂದು ಗಡುವು, ಚಕ್ಕುಲಿಗೆ ಇನ್ನೊಂದು ಎಂದು ಇಡಬಹುದಲ್ಲವೇ? ಒಬ್ಬಟ್ಟಿನ ಬೇಳೆಯನ್ನು ಶುಕ್ರವಾರವೂ ತರಬಹುದು, ಆದ್ದರಿಂದ ಗುರುವಾರ ರಾತ್ರಿಯವರೆಗೆ ಆರ್ಡರ್ ಹಿಡಿಯಬಹುದು ಎಂಬುದು ನಿಜ. ಆದರೆ ಫೋನಿನಲ್ಲಿ ವ್ಯಾಪಾರ ನಡೆಯುವಾಗ ಎರಡು ಗಡುವು ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಗುರುವಾರ ಒಬ್ಬಟ್ಟು ಹೇಳಲು ಕರೆ ಮಾಡಿದವರು ಹಾಗೇ ಒಂದು ಕಿಲೋ ಚಕ್ಕುಲಿಯನ್ನೂ ಹೇಳುತ್ತಾರೆ, ಇಲ್ಲವೆಂದರೆ ಬೇಸರ. ಕರಿಯಲು ನಿಂತವರ ಕೈಗೆ ಫೋನೂ ಬರುತ್ತದೆ. ಒಂದೇ ಗಡುವು, ಅದೂ ಎಲ್ಲರ ಬಾಯಲ್ಲಿ ಹರಡಿದ ಗಡುವು, ಕೆಲವು ಆರ್ಡರ್ ತಪ್ಪಿದರೂ ಮೇಲು.

ಗಡುವಿನಷ್ಟೇ ಮುಖ್ಯ ಎಣಿಕೆಯ ಮಿತಿ. ಶನಿವಾರ ಬೆಳಗಿನ ನಾಲ್ಕು ಗಂಟೆಯಲ್ಲಿ 140ಕ್ಕಿಂತ ಹೆಚ್ಚು ಆಗುವುದಿಲ್ಲ. ಹರಿದದ್ದು, ಹೊತ್ತಿದ್ದು ಎಂದು ಹತ್ತು ಬಿಟ್ಟರೆ ಹೇಳಬಹುದಾದದ್ದು 130. ಮಂಗಳವಾರವೇ 130 ಭರ್ತಿಯಾದರೆ ಒಬ್ಬಟ್ಟಿನ ಪುಸ್ತಕ ಮಂಗಳವಾರವೇ ಮುಚ್ಚಬೇಕು. ಚಕ್ಕುಲಿ 9 ಕಿಲೋ ಮುಟ್ಟಿದರೆ ಅದೂ ಮುಗಿಯಿತು.

ಇನ್ನು ಫೋನು. ಆರ್ಡರ್ ತಪ್ಪುವುದು ಅಡುಗೆಮನೆಗಿಂತ ಹೆಚ್ಚಾಗಿ ಇಲ್ಲಿಯೇ. ಕೈ ಹಿಟ್ಟಿನಲ್ಲಿರುವಾಗ ಮಾತಾಡಿ, ಆಮೇಲೆ ಬರೆದುಕೊಳ್ಳೋಣ ಎಂದುಕೊಂಡದ್ದು ಮರೆಯುತ್ತದೆ. ಮನೆಯಲ್ಲಿ ಬೇರೆ ಯಾರೋ ಎತ್ತಿ, ಸಿಕ್ಕ ಚೀಟಿಯಲ್ಲಿ ಗೀಚಿದ್ದು ಕಸಕ್ಕೆ ಹೋಗುತ್ತದೆ. ಅದಕ್ಕೆ ಸೋಮವಾರದಿಂದ ಬುಧವಾರದವರೆಗೆ ಬೆಳಗ್ಗೆ 10ರಿಂದ 12, ಸಂಜೆ 6ರಿಂದ 8 ಎಂದು ಫೋನಿನ ಹೊತ್ತನ್ನೇ ಗೊತ್ತು ಮಾಡುವುದು ಒಳ್ಳೆಯದು. ಮಿಸ್ಡ್ ಕಾಲ್ ಆರ್ಡರ್ ಅಲ್ಲ. ಕಳಿಸಿದ ಮೆಸೇಜಿಗೆ ಈ ಕಡೆಯಿಂದ ಉತ್ತರ ಹೋಗುವವರೆಗೆ ಅದೂ ಆರ್ಡರ್ ಅಲ್ಲ. ಒಂದೇ ಪುಸ್ತಕ, ಒಂದು ಶನಿವಾರಕ್ಕೆ ಒಂದು ಪುಟ, ಪುಟದ ತಲೆಯಲ್ಲಿ ತಾರೀಖು. ಹೆಸರು, ನಂಬರು, ಒಬ್ಬಟ್ಟು ಎಷ್ಟು, ಚಕ್ಕುಲಿ ಎಷ್ಟು, ಮುಂಗಡ ಬಂತೇ ಎಂಬ ಐದು ಕಾಲಂ. ಫೋನ್ ಇಡುವ ಮೊದಲು ಬರೆದದ್ದನ್ನು ಓದಿ ಹೇಳಬೇಕು, ವಾರದ ಜೊತೆ ತಾರೀಖನ್ನೂ ಸೇರಿಸಿ. “ಬರೋ ಶನಿವಾರ” ಎಂದಷ್ಟೇ ಬಿಟ್ಟರೆ ಒಬ್ಬರಿಗೆ ಅದು ನಾಡಿದ್ದು, ಇನ್ನೊಬ್ಬರಿಗೆ ಮುಂದಿನ ವಾರ. ಅರ್ಧ ದುಡ್ಡು ಯುಪಿಐಯಲ್ಲಿ ಬಂದ ಮೇಲೆ ಕೊನೆಯ ಕಾಲಂಗೆ ಗುರುತು. ಪರಿಚಯದವರ ಹತ್ತಿರ ಮುಂಗಡ ಕೇಳುವುದು ಹೇಗೆಂಬ ಸಂಕೋಚ ಎಲ್ಲರಿಗೂ ಇರುತ್ತದೆ. ನಿಯಮ ಎಲ್ಲರಿಗೂ ಒಂದೇ ಎಂದು ಮೊದಲ ದಿನವೇ ಹೇಳಿದರೆ ಆ ಸಂಕೋಚ ಬಹಳ ದಿನ ಇರುವುದಿಲ್ಲ.

ಒಂದು ವಾರದ ಲೆಕ್ಕವನ್ನೇ ಮಾಡಿ ನೋಡೋಣ. ಬುಧವಾರ ರಾತ್ರಿ ಎಂಟಕ್ಕೆ ಪುಟದಲ್ಲಿ 29 ಹೆಸರು, 122 ಒಬ್ಬಟ್ಟು, 9 ಕಿಲೋ ಚಕ್ಕುಲಿ. ಇಬ್ಬರ ಮುಂಗಡ ಬಂದಿಲ್ಲ. ಸೊಸೆ ಇಬ್ಬರಿಗೂ ಕರೆ ಮಾಡುತ್ತಾಳೆ, ಒಂಬತ್ತರೊಳಗೆ ಇಬ್ಬರೂ ಕಳಿಸುತ್ತಾರೆ. ಕಳಿಸದಿದ್ದರೆ ಹೆಸರು ಹೊಡೆದುಹಾಕಬೇಕಿತ್ತು. 122ಕ್ಕೆ ಹತ್ತು ಸೇರಿಸಿದರೆ 132. ಒಂದು ಕಿಲೋ ಬೇಳೆ, ಒಂದು ಕಿಲೋ ಬೆಲ್ಲಕ್ಕೆ 60 ಒಬ್ಬಟ್ಟು ಎಂಬುದು ಈ ಮನೆಯ ಅಳತೆ. ಅಂದರೆ 2 ಕಿಲೋ 200 ಗ್ರಾಂ ಬೇಳೆ, ಅಷ್ಟೇ ಬೆಲ್ಲ. ಒಂದೂಕಾಲು ಕಿಲೋ ಹಿಟ್ಟಿಗೆ ಎಣ್ಣೆ ಬೆಣ್ಣೆ ಸೇರಿ ಒಂದೂವರೆ ಕಿಲೋ ಚಕ್ಕುಲಿ ಬರುತ್ತದೆ. 9 ಕಿಲೋಗೆ ಏಳೂವರೆ ಕಿಲೋ ಹಿಟ್ಟು, ಅದರಲ್ಲಿ ಅಕ್ಕಿ 6 ಕಿಲೋ, ಉದ್ದು ಒಂದೂವರೆ. ಮಂಗಳವಾರ ಬೀಸಿಸಿದ್ದು 9 ಕಿಲೋ, ಒಂದೂವರೆ ಮುಂದಿನ ವಾರಕ್ಕೆ ಉಳಿಯಿತು. ಒಬ್ಬಟ್ಟಿನ ದಪ್ಪ, ಹೂರಣದ ಉಂಡೆಯ ಗಾತ್ರ ಮನೆಯಿಂದ ಮನೆಗೆ ಬೇರೆ. ಒಮ್ಮೆ ತಕ್ಕಡಿಯಲ್ಲಿ ತೂಗಿ ತಮ್ಮ ಅಳತೆಯನ್ನು ಗೋಡೆಗೆ ಅಂಟಿಸಿಕೊಂಡರೆ ಪ್ರತಿ ಬುಧವಾರದ ಲೆಕ್ಕ ಹತ್ತು ನಿಮಿಷದ್ದು. ಸಿಲಿಂಡರ್ ಎತ್ತಿ ನೋಡುವುದೂ ಅದೇ ರಾತ್ರಿ. ಮನೆಬಳಕೆಯ ಸಿಲಿಂಡರಿನಲ್ಲಿ ವ್ಯಾಪಾರದ ಅಡುಗೆ ಮಾಡುವಂತಿಲ್ಲ. 19 ಕಿಲೋದ ವಾಣಿಜ್ಯ ಸಿಲಿಂಡರ್ ಬೇಕು, ಅದು ಶನಿವಾರ ಬೆಳಗ್ಗೆ ಆರಕ್ಕೆ ಮುಗಿದರೆ ತಂದುಕೊಡುವವರಿಲ್ಲ.

ಗುರುವಾರ ಹನ್ನೊಂದಕ್ಕೆ ಫೋನ್.

“ಅಮ್ಮಾ, ನಾಡಿದ್ದು ಬೀಗರು ಬರ್ತಿದಾರೆ. ಇಪ್ಪತ್ತೈದು ಒಬ್ಬಟ್ಟು ಬೇಕಿತ್ತು.”

“ಈ ವಾರದ್ದು ನಿನ್ನೆ ರಾತ್ರಿಗೇ ಮುಗೀತಲ್ಲಮ್ಮ. ಸಾಮಾನೂ ತಂದಾಯ್ತು.”

“ಇಪ್ಪತ್ತೈದೇ ಅಲ್ವಾ, ಹೇಗಾದ್ರೂ ಮಾಡಿ.”

“ಮಾಡಿದ್ರೆ ಉಳಿದವರಿಗೆಲ್ಲ ತಡ ಆಗತ್ತಮ್ಮ. ಸಾರಿನ ಪುಡಿ ಇದೆ, ಬೇಕಾದ್ರೆ ತಗೊಂಡ್ಹೋಗಿ. ಮುಂದಿನ ವಾರಕ್ಕೆ ಈಗ್ಲೇ ಬರ್ಕೊಳ್ಲಾ?”

ಅತ್ತೆಯ ಮಾತು ಕಟುವಾಗಿ ಕೇಳಬಹುದು. ಆದರೆ 25 ಒಬ್ಬಟ್ಟು ಎಂದರೆ ಕಾವಲಿಯ ಮುಂದೆ ಹೆಚ್ಚೂಕಡಿಮೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯನ್ನು ಎಲ್ಲಿಂದ ತರುವುದು? ಐದೂವರೆಯ ಕೆಲಸವನ್ನು ಐದು ಗಂಟೆಗೆ ಮುಂಚೆಯೇ ಶುರು ಮಾಡಬೇಕು, ಇಲ್ಲವೇ ಆರುವ ಹೊತ್ತನ್ನು ಕತ್ತರಿಸಬೇಕು. ಸಾಮಾನ್ಯವಾಗಿ ಆಗುವುದು ಎರಡನೆಯದೇ. ಆಗ ಒಬ್ಬರ ಸಲುವಾಗಿ 29 ಮನೆಗೆ ಬೆವರಿದ ಒಬ್ಬಟ್ಟು ಹೋಗುತ್ತದೆ. ಒಮ್ಮೆ ಗುರುವಾರ ಒಪ್ಪಿಕೊಂಡರೆ ಮರುವಾರದಿಂದ ಗಡುವು ಗುರುವಾರವೆಂದೇ ಬಡಾವಣೆಯಲ್ಲಿ ಸುದ್ದಿಯಾಗುತ್ತದೆ.

ಮಳೆಗಾಲ ಈ ಪಟ್ಟಿಯನ್ನು ಅಲ್ಲಾಡಿಸುತ್ತದೆ. ಮನೆಯಲ್ಲೇ ತಿನಿಸು ಮಾಡುವ ಹೆಂಗಸರ ದೊಡ್ಡ ಸಂಸ್ಥೆ ಲಿಜ್ಜತ್ ಪಾಪಡ್‌ಗೂ ಮೊದಲು ಎದುರಾದ ಅಡ್ಡಿ ಇದೇ. 1959ರ ಮಾರ್ಚಿನಲ್ಲಿ ಮುಂಬೈಯ ಗಿರ್ಗಾಂವ್‌ನ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಆರಂಭಿಸಿದರು. ಮೊದಲ ಮಳೆಗಾಲದಲ್ಲಿ ಹಪ್ಪಳ ಒಣಗಿಸಲಾಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೌ. ಮಳೆಯಲ್ಲೂ ಕೆಲಸ ಸಾಗಿತು. ಇಂದಿಗೂ ಅಲ್ಲಿ ಹಿಟ್ಟನ್ನು ಬೆಳಗ್ಗೆ ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿದ ಹಪ್ಪಳವನ್ನು ಮರುದಿನ ತಂದು ಕೊಡುವ ಪದ್ಧತಿ ಇದೆ. ಒಣಗುವ ಹೊತ್ತೇ ಅವರ ದಿನಚರಿಯನ್ನು ಗೊತ್ತು ಮಾಡಿದೆ. ನಮ್ಮ ಚಕ್ಕುಲಿಯ ಅಕ್ಕಿಗೂ ಇದೇ ಮಾತು. ಜುಲೈ, ಆಗಸ್ಟಿನಲ್ಲಿ ತೊಳೆದ ಅಕ್ಕಿ ಒಂದು ದಿನದಲ್ಲಿ ಆರುವುದಿಲ್ಲ. ಭಾನುವಾರವೇ ತೊಳೆಯಬೇಕು, ಇಲ್ಲವೇ ಫ್ಯಾನಿನಡಿ ಹರಡಿ, ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಗಿರಣಿಗೆ ಕೊಡಬೇಕು. ಪಸೆ ಉಳಿದ ಹಿಟ್ಟು ಡಬ್ಬಿಯಲ್ಲಿ ಮುಗ್ಗುತ್ತದೆ. ಹಿಡಿ ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟಾಗ ಉದುರದೆ ಗಟ್ಟಿ ಉಂಡೆಯಾಗಿ ನಿಂತರೆ ಅದು ಒಣಗಿಲ್ಲ.

ಆ ಮಳೆಯ ನಡುವೆಯೇ ಗೋಕುಲಾಷ್ಟಮಿ ಬರುತ್ತದೆ, ಚಕ್ಕುಲಿಗೆ ವರ್ಷದ ದೊಡ್ಡ ಬೇಡಿಕೆ ಆಗಲೇ. ಹಬ್ಬದ ವಾರದಲ್ಲಿ ಬುಧವಾರದ ಗಡುವನ್ನು ಹಿಡಿದು ಕೂತರೆ ಕೆಲಸ ಕೆಡುತ್ತದೆ. ಗಿರಣಿಯಲ್ಲಿ ಸಾಲು, ಅಕ್ಕಿ ಆರಲು ಎರಡು ದಿನ, ಕರಿಯಬೇಕಾದದ್ದು ಮೂರು ಪಟ್ಟು. ಚಕ್ಕುಲಿ ಎರಡು ವಾರ ಉಳಿಯುವ ತಿನಿಸಾದ್ದರಿಂದ ಇಲ್ಲಿ ದಾರಿಯಿದೆ. ಆರ್ಡರನ್ನು ಹಬ್ಬಕ್ಕೆ ಹತ್ತು ದಿನ ಮುಂಚೆ ಮುಚ್ಚಿ, ಕರಿಯುವುದನ್ನು ಮೂರು ದಿನಕ್ಕೆ ಹಂಚಬಹುದು.

ಯುಗಾದಿಯ ಒಬ್ಬಟ್ಟಿಗೆ ಆ ದಾರಿಯಿಲ್ಲ. ಎಲ್ಲರಿಗೂ ಬೇಕಾದದ್ದು ಒಂದೇ ದಿನ, ಅದೂ ಬಿಸಿಲು ಏರಿದ ಕಾಲ, ಬೇಳೆ ಹೂರಣ ಎರಡನೇ ದಿನಕ್ಕೇ ಹಳಸಬಹುದು. ಗಡುವನ್ನು ಎಷ್ಟು ಹಿಂದಕ್ಕೆ ಎಳೆದರೂ ಹಬ್ಬದ ಬೆಳಗಿನ ನಾಲ್ಕು ಗಂಟೆ ಐದಾಗುವುದಿಲ್ಲ. ಹಾಗಾಗಿ ಯುಗಾದಿಯಂದು ದಿನ ನೋಡಿ ಮುಚ್ಚುವುದಕ್ಕಿಂತ ಎಣಿಕೆ ನೋಡಿ ಮುಚ್ಚುವುದೇ ಸರಿ. ಹಿಂದಿನ ಸಂಜೆ ಮಾಡಿ ಕೊಡುವುದು 100, ಹಬ್ಬದ ಬೆಳಗ್ಗೆ ಕೊಡುವುದು 130 ಎಂದು ಎರಡು ಪುಟ ಮಾಡಿ, ಯಾರು ಯಾವ ಪುಟದಲ್ಲಿ ಎಂಬುದನ್ನು ಫೋನಿನಲ್ಲೇ ಗೊತ್ತು ಮಾಡಬೇಕು. ಸಂಜೆಯವರಿಗೆ ಬೆಳಗ್ಗೆ ಕಾವಲಿಯಲ್ಲಿ ತುಪ್ಪ ಹಾಕಿ ಬಿಸಿ ಮಾಡಿಕೊಳ್ಳಿ ಎಂದೂ ಹೇಳಬೇಕು. ಮೂರನೆಯ ಕೈಯನ್ನು ಕೂಲಿಗೆ ಕರೆಯಬಹುದು, ಆದರೆ ಹಬ್ಬದ ದಿನವೇ ಮೊದಲ ಸಲ ಕರೆದರೆ ಉಂಡೆಯ ಗಾತ್ರ ತಪ್ಪಿ ಹೂರಣ ಸಾಲದೆ ಬರುತ್ತದೆ.

ಪೊಟ್ಟಣದ ಮೇಲಿನ ಚೀಟಿಯೂ ವೇಳಾಪಟ್ಟಿಗೆ ಅಂಟಿಕೊಂಡಿದೆ. ಮನೆಯಲ್ಲಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆ, ತಯಾರಿಸಿದ ತಾರೀಖು, ಎಷ್ಟು ದಿನದೊಳಗೆ ತಿನ್ನಬೇಕು ಎಂಬುದು ಚೀಟಿಯಲ್ಲಿರಬೇಕು. ಚಕ್ಕುಲಿಯ ತಾರೀಖು ಗುರುವಾರದ್ದು, ಒಬ್ಬಟ್ಟಿನದು ಶನಿವಾರದ್ದು. ಕೊಡುವ ದಿನವನ್ನೇ ಎಲ್ಲಕ್ಕೂ ಬರೆಯುವುದು ತಪ್ಪು.

ಇಟ್ಟ ಗಡುವು ಸರಿಯಿದೆಯೇ ಎಂಬುದನ್ನು ಅದೇ ಪುಸ್ತಕ ಹೇಳುತ್ತದೆ. ಪುಟದ ಕೆಳಗೆ ಸೋಮವಾರ ನಾಲ್ಕು ವಿಷಯ ಬರೆದಿಡಬೇಕು: ಗುರುವಾರದ ನಂತರ ಎಷ್ಟು ಫೋನ್ ಬಂತು, ಅಂಗಡಿಗೆ ಎರಡನೇ ಸಲ ಹೋಗಬೇಕಾಯಿತೇ, ಕೊನೆಯ ಡಬ್ಬಿ ಎಷ್ಟು ಗಂಟೆಗೆ ಕಟ್ಟಿದ್ದು, ಏನು ಉಳಿಯಿತು. ವಾರದ ಮೇಲೆ ವಾರ ಗುರುವಾರ ಏಳೆಂಟು ಫೋನ್ ಬಂದು, ಶುಕ್ರವಾರ ಬೆಳಗ್ಗೆ ಕೈ ಖಾಲಿಯಿದ್ದರೆ ಗಡುವು ಬೇಕಾದದ್ದಕ್ಕಿಂತ ಮುಂಚೆ ಇದೆ. ಚಕ್ಕುಲಿಯ ಒಂದು ಪಾಲನ್ನು ಶುಕ್ರವಾರ ಬೆಳಗ್ಗೆಗೆ ಸರಿಸಿ, ಗಡುವನ್ನು ಗುರುವಾರ ಬೆಳಗಿನವರೆಗೆ ಸಡಿಲಿಸಿ ನೋಡಬಹುದು. ಕೊನೆಯ ಡಬ್ಬಿ ಹನ್ನೊಂದು ದಾಟಿದ ಮೇಲೆ ಕಟ್ಟಿದ್ದಾದರೆ ಗಡುವಿನ ತಪ್ಪಿಲ್ಲ, 130 ಎಂಬ ಎಣಿಕೆ ತಪ್ಪು. ಅದನ್ನು 110ಕ್ಕೆ ಇಳಿಸಬೇಕು. ಅಂಗಡಿಗೆ ಎರಡು ಸಲ ಓಡಿದ್ದರೆ ಗೋಡೆಯ ಮೇಲಿನ ಅಳತೆಯನ್ನು ಇನ್ನೊಮ್ಮೆ ತೂಗಿ ನೋಡಬೇಕು. ಹೊಸ ಬೇಳೆ ಬಂದಾಗ, ಬೆಲ್ಲದ ಅಂಗಡಿ ಬದಲಾದಾಗ ಹೂರಣದ ತೂಕ ಬದಲಾಗುತ್ತದೆ. ಬೆಲ್ಲದಲ್ಲಿ ನೀರಿನಂಶ ಹೆಚ್ಚಿದ್ದರೆ ಮಗುಚುವ ಹೊತ್ತೂ ಅರ್ಧ ಗಂಟೆ ಬೆಳೆಯಬಹುದು. ಆ ವಾರ ಶುಕ್ರವಾರದ ನಾಲ್ಕು ಗಂಟೆಯನ್ನು ಮೂರೂವರೆ ಮಾಡಿಕೊಳ್ಳಬೇಕು.